ಅಂಗಡಿಯಲ್ಲಿ ತಮಿಳು, ಕಿವಿಯಲ್ಲಿ ಕನ್ನಡ: ಗೊತ್ತಿರುವ ಪದಗಳೇ ದಾರಿ ತಪ್ಪಿಸುವುದು ಹೇಗೆ?

ಮೈಸೂರಿನಿಂದ ಚೆನ್ನೈಗೆ ಮನೆ ಬದಲಾಯಿಸಿದ ಒಬ್ಬ ಹೆಂಗಸು ಬೀದಿ ತುದಿಯ ದಿನಸಿ ಅಂಗಡಿಗೆ ಹೋಗಿದ್ದಾರೆ ಅಂದುಕೊಳ್ಳಿ. ತಮಿಳು ಅಲ್ಪಸ್ವಲ್ಪ ಬರುತ್ತದೆ. ಮೊದಲು ಬೇಕಾಗಿರುವುದು ತೆಂಗಿನಕಾಯಿ.

"ಅಣ್ಣಾ, ಒರು ಕಾಯ್ ಕುಡುಂಗ."

"ಎನ್ನ ಕಾಯ್ ಮ್ಮಾ? ಕಾಯ್ ಇಂಗೆ ಇಲ್ಲೆ. ಪಕ್ಕತ್ತು ಕಡೆಯಿಲೆ ಕೇಳುಂಗ."

ಕಾಯಿ ಇಲ್ಲಿಲ್ಲ, ಪಕ್ಕದ ಕಡೆ ಕೇಳಿ. ಅವರಿಗೆ ಅರ್ಥವಾಗಿದ್ದು ಇಷ್ಟು. ಹಾಗಾಗಿ ಗಲ್ಲಾಪೆಟ್ಟಿಗೆಯ ಆ ಬದಿಗೆ ಸರಿದು, ಅಲ್ಲಿ ನಿಂತಿದ್ದ ಹುಡುಗನನ್ನು ಮತ್ತೆ ಅದನ್ನೇ ಕೇಳುತ್ತಾರೆ. ಅವನೂ ಅದೇ ಉತ್ತರ ಕೊಡುತ್ತಾನೆ. ತೆಂಗಿನಕಾಯಿ ರಾಶಿ ಮಾತ್ರ ಅಂಗಡಿ ಬಾಗಿಲಲ್ಲೇ ಇದೆ.

ಅಂಗಡಿಯವರು ಹೇಳಿದ್ದು ಬೇರೆಯೇ: "ಯಾವ ತರಕಾರಿಯಮ್ಮಾ? ತರಕಾರಿ ಇಲ್ಲಿ ಇಲ್ಲ. ಪಕ್ಕದ ಅಂಗಡಿಯಲ್ಲಿ ಕೇಳಿ." ತಮಿಳಿನಲ್ಲಿ ಬರೀ 'ಕಾಯ್' ಅಂದರೆ ಸಾಮಾನ್ಯವಾಗಿ ತರಕಾರಿ. 'ಕಡೈ' ಅಂದರೆ ಅಂಗಡಿ. ಬರೆಯುವಾಗ ಕೊನೆಯಲ್ಲಿ 'ಐ' ಇದ್ದರೂ ಮಾತಿನಲ್ಲಿ ಅದು ನಮ್ಮ 'ಕಡೆ'ಗೆ ಬಹಳ ಹತ್ತಿರ ಬರುತ್ತದೆ. ಇನ್ನು 'ಎನ್ನ' ಅಂದರೆ 'ಏನು'. ವಚನಗಳನ್ನು ಕೇಳಿ ಬೆಳೆದ ಕಿವಿಗೆ ಅದು 'ನನ್ನ' ಎಂದೇ ಕೇಳಿಸುತ್ತದೆ.

ತಮಿಳು ಒಂದಕ್ಷರವೂ ಬಾರದವರಾಗಿದ್ದರೆ ರಾಶಿಯತ್ತ ಬೆರಳು ತೋರಿಸುತ್ತಿದ್ದರು, ಕೆಲಸ ಮುಗಿಯುತ್ತಿತ್ತು. ಇಲ್ಲಿ ತೊಂದರೆ ಕೊಟ್ಟದ್ದು ಗೊತ್ತಿಲ್ಲದ ಪದವಲ್ಲ, ಗೊತ್ತಿದೆ ಅನ್ನಿಸಿದ ಪದ. ಗೊತ್ತಿಲ್ಲದ ಪದ ಕಿವಿಗೆ ಬಿದ್ದರೆ ನಾವು ನಿಂತು "ಏನಂದ್ರಿ?" ಅಂತ ಕೇಳುತ್ತೇವೆ. ಗೊತ್ತಿರುವಂತೆ ಕೇಳಿಸಿದರೆ ಕೇಳುವುದೇ ಇಲ್ಲ.

ಈ ಗೊಂದಲಗಳೆಲ್ಲ ಒಂದೇ ಜಾತಿಯವಲ್ಲ. ಯಾವುದು ಎಲ್ಲಿಂದ ಹುಟ್ಟುತ್ತದೆ ಅಂತ ತಿಳಿದರೆ ಎಲ್ಲಿ ಎಚ್ಚರವಾಗಿರಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲು 'ಕಾಯಿ' ನೋಡೋಣ. ಎರಡೂ ಭಾಷೆಗಳಲ್ಲಿ ಇದು ಒಂದೇ ಪದ. ಹಣ್ಣಾಗದೇ ಇರುವುದು ಕಾಯಿ. ಇಲ್ಲಿಯವರೆಗೆ ಜಗಳವಿಲ್ಲ. ಆದರೆ ದಿನನಿತ್ಯದ ಮಾತಿನಲ್ಲಿ ಉದ್ದದ ಹೆಸರನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಹಳೆ ಮೈಸೂರು ಕಡೆ "ಎರಡು ಕಾಯಿ ಕೊಡಿ" ಅಂದರೆ ತೆಂಗಿನಕಾಯಿ ಅಂತಲೇ ಅರ್ಥ. ಕಾಯಿ ಹೋಳಿಗೆ, ಕಾಯಿ ಚಟ್ನಿ, ಕಾಯಿ ತುರಿ, ಹಣ್ಣುಕಾಯಿ, ಎಲ್ಲದರಲ್ಲೂ ಅದು ತೆಂಗೇ. ತಮಿಳರು ಚಿಕ್ಕದು ಮಾಡಿದ್ದು ಇನ್ನೊಂದು ಪದವನ್ನು. ತರಕಾರಿಗೆ ಅವರ ಪೂರ್ತಿ ಪದ 'ಕಾಯ್‌ಕರಿ'. ಅದರಲ್ಲಿ 'ಕಾಯ್' ಉಳಿದು ತರಕಾರಿ ಆಯಿತು. ತೆಂಗಿನಕಾಯಿಯನ್ನು ಅವರು 'ತೇಂಗಾಯ್' ಅಂತ ಪೂರ್ತಿಯಾಗಿಯೇ ಹೇಳುತ್ತಾರೆ.

ಅಂದರೆ ಬೇರು ಒಂದೇ, ಮೊಟಕು ಮಾಡಿದ ಜಾಗ ಮಾತ್ರ ಬೇರೆ. ದಿನಸಿ ಅಂಗಡಿಯಲ್ಲಿ ಜಾಸ್ತಿ ಕಾಡುವುದು ಈ ಬಗೆಯ ಪದಗಳೇ.

'ಕಡಲೆ'ಯೂ ಹೀಗೇ. ನಮಗೆ ಕಡಲೆ ಅಂದರೆ ಕಡಲೆಕಾಳು. ನೆಲದಡಿ ಬಿಡುವುದು ಕಡಲೆಕಾಯಿ, ಉತ್ತರ ಕರ್ನಾಟಕದಲ್ಲಿ ಶೇಂಗಾ. ತಮಿಳಿನಲ್ಲಿ ಬರೀ 'ಕಡಲೈ' ಅಂದರೆ ಹೆಚ್ಚಾಗಿ ಕಡಲೆಕಾಯಿ ಬೀಜವೇ. 'ಕಡಲೈ ಮಿಟ್ಟಾಯ್' ನಮ್ಮ ಕಡಲೆಕಾಯಿ ಚಿಕ್ಕಿ. 'ಕಡಲೈ ಎಣ್ಣೈ' ಕಡಲೆಕಾಯಿ ಎಣ್ಣೆ. ಹಾಗಂತ ಕಡಲೈ ಎಲ್ಲಿ ಬಂದರೂ ಶೇಂಗಾ ಅಂದುಕೊಂಡರೆ ಮತ್ತೆ ಏಮಾರುತ್ತೀರಿ. 'ಕಡಲೈ ಪರುಪ್ಪು' ಅಂದರೆ ಕಡಲೆಬೇಳೆ, 'ಕಡಲೈ ಮಾವು' ಅಂದರೆ ಕಡಲೆಹಿಟ್ಟು. ಅಲ್ಲಿ ಅದು ನಮ್ಮ ಕಡಲೆಯೇ. ಉಸಲಿಗೆ ನೆನೆಹಾಕುವ ಕಾಳು ಬೇಕಿದ್ದರೆ 'ಕೊಂಡೈಕ್ಕಡಲೈ' ಅನ್ನಬೇಕು. ಚಟ್ನಿಗೆ ಹಾಕುವ ಹುರಿಗಡಲೆ ಬೇಕಿದ್ದರೆ 'ಪೊಟ್ಟುಕ್ಕಡಲೈ'. ಈ ಎರಡು ಹೆಸರು ನೆನಪಿದ್ದರೆ ಅರ್ಧ ಗೊಂದಲ ಕಳೆಯಿತು.

'ಕಡೈ' ಕೂಡ ಪೂರ್ತಿ ಅಪರಿಚಿತವಲ್ಲ. ನಮ್ಮ ಕಡೆಗೆ ಬದಿ ಎಂಬ ಅರ್ಥವೂ ಇದೆ, ಕೊನೆ ಎಂಬ ಅರ್ಥವೂ ಇದೆ. ತಮಿಳಿನ ಕಡೈಗೂ 'ಕೊನೆ' ಎಂಬ ಅರ್ಥ ಉಂಟು, 'ಕಡೈಸಿ' ಅಂದರೆ ಕೊನೆಯದು. ಚೌಕಾಸಿ ಮಾಡುವಾಗ "ಕಡೈಸಿ ವಿಲೈ ಎನ್ನ?" ಅಂದರೆ "ಕಡೆಯ ಬೆಲೆ ಏನು?" ಅಂತ. ಇಲ್ಲಿ ಕನ್ನಡದ ಕಿವಿ ಸರಿಯಾಗಿಯೇ ಕೇಳಿಸಿಕೊಳ್ಳುತ್ತದೆ. ಅದೇ ಅಂಗಡಿಯ ಹೆಸರಿನಲ್ಲಿ ಬಂದಾಗ ಮೋಸ ಹೋಗುತ್ತದೆ. ಬೀದಿಯ ಫಲಕದಲ್ಲಿ 'ಮಳಿಗೈ ಕಡೈ' ಅಂತಿರುತ್ತದೆ. ನಮಗೆ ಮಳಿಗೆ ಅಂದರೆ ಯಾವ ಅಂಗಡಿಯಾದರೂ ಸರಿ, ಪುಸ್ತಕ ಮಳಿಗೆ, ಬಟ್ಟೆ ಮಳಿಗೆ. ಅವರಿಗೆ ಮಳಿಗೈ ಅಂದರೆ ಒಳಗಿರುವ ದಿನಸಿ ಸಾಮಾನು. 'ನಗೈ ಕಡೈ' ಕಂಡರೆ ಅದು ಒಡವೆ ಅಂಗಡಿ. ನಗೈ ಎಂಬುದಕ್ಕೆ ಹಳೆಯ ತಮಿಳಿನಲ್ಲಿ ನಗುವಿನ ಅರ್ಥವೂ ಇದೆ. ಅಂಗಡಿ ಬೀದಿಯಲ್ಲಿ ಮಾತ್ರ ಅದು ಬಂಗಾರವೇ.

ಈಗ ಅಂಗಡಿಗೆ ವಾಪಸು ಬರೋಣ. ಚೀಟಿಯಲ್ಲಿ ಎರಡನೆಯದು ಅಕ್ಕಿಹಿಟ್ಟು. ಅವರು 'ಅಕ್ಕಿಹಿಟ್ಟು' ಅಂದದ್ದು ಅಂಗಡಿಯವರಿಗೆ ಅರ್ಥವಾಗಲಿಲ್ಲ. ನಿಪ್ಪಟ್ಟು, ಚಕ್ಕುಲಿ ಅಂತ ಕೈಸನ್ನೆ ಮಾಡಿದ ಮೇಲೆ ಅಂಗಡಿಯವರು ಸರಿಯಾಗಿಯೇ ಊಹಿಸಿ ಕೇಳಿದರು: "ಅರಿಸಿ ಮಾವಾ?"

ಕನ್ನಡದ ಕಿವಿಗೆ ಕೇಳಿಸಿದ್ದು ಅರಿಸಿನ ಮತ್ತು ಮಾವು. ಎರಡೂ ಬೇಡ ಅಂತ ತಲೆ ಆಡಿಸಿದರು. ಕೇಳಿದ ಸಾಮಾನನ್ನೇ ಬೇಡ ಅಂದಂತಾಯಿತು. ತಮಿಳಿನಲ್ಲಿ 'ಅರಿಸಿ' ಅಂದರೆ ಅಕ್ಕಿ. ಅರಿಸಿನಕ್ಕೆ 'ಮಂಜಳ್'. 'ಮಾವು' ಅಂದರೆ ಹಿಟ್ಟು. ಒಣ ಹಿಟ್ಟೂ ಮಾವೇ, ರುಬ್ಬಿಟ್ಟ ಸಂಪಣವೂ ಮಾವೇ. ಫ್ರಿಜ್ಜಿನಲ್ಲಿ ಪೊಟ್ಟಣ ಕಟ್ಟಿ ಇಟ್ಟಿರುವ 'ಇಡ್ಲಿ ಮಾವು' ನಮ್ಮ ಇಡ್ಲಿ ಹಿಟ್ಟು. ತಿನ್ನುವ ಮಾವು ಬೇಕಾದರೆ ಹಣ್ಣಿಗೆ 'ಮಾಂಬಳಂ', ಕಾಯಿಗೆ 'ಮಾಂಗಾಯ್'.

ಕಾಯಿ, ಕಡಲೆಗಳಿಗೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಬೇರು ಒಂದೇ ಆದ್ದರಿಂದ ಯೋಚಿಸಿದರೆ ಅರ್ಥಕ್ಕೆ ದಾರಿ ಸಿಗುತ್ತದೆ. ಇಲ್ಲಿ ಹಿಟ್ಟಿಗೂ ಹಣ್ಣಿಗೂ, ಅಕ್ಕಿಗೂ ಅರಿಸಿನಕ್ಕೂ ಯೋಚಿಸಿ ಹಿಡಿಯುವಂಥ ನಂಟಿಲ್ಲ. ಸುಮ್ನೆ ಕಲಿತುಕೊಳ್ಳಬೇಕು. 'ಚಿನ್ನ'ವೂ ಹಾಗೆಯೇ. ಪೊಟ್ಟಣ ಕೊಡುವಾಗ "ಚಿನ್ನದಾ, ಪೆರುಸಾ?" ಅಂತ ಕೇಳಿದರೆ ಅದು ಚಿಕ್ಕದೋ ದೊಡ್ಡದೋ ಎಂಬ ಪ್ರಶ್ನೆ. ಒಂದೇ ಮನೆಯಲ್ಲಿ ಪೆರಿಯಸ್ವಾಮಿ, ಚಿನ್ನಸ್ವಾಮಿ ಅಂತ ಇಬ್ಬರು ಅಣ್ಣತಮ್ಮಂದಿರು ಇರುವುದನ್ನು ನೆನೆಸಿಕೊಂಡರೆ ಈ ಅರ್ಥ ಮರೆಯುವುದಿಲ್ಲ. ನಮ್ಮ ಚಿನ್ನಕ್ಕೆ ಅವರು 'ತಂಗಂ' ಅನ್ನುತ್ತಾರೆ.

ಮೂರನೆಯದು ಪಲಾವಿಗೆ ಹಾಕುವ ಚಕ್ಕೆ. ಇಲ್ಲಿ ಗೊಂದಲ ಎರಡೂ ಕಡೆಯಿಂದ ನಡೆಯುತ್ತದೆ. ತಮಿಳಿನಲ್ಲಿ ಪದದ ಮೊದಲ 'ಚ' ಮಾತಿನಲ್ಲಿ ಹೆಚ್ಚಾಗಿ 'ಸ' ಆಗುತ್ತದೆ. ಅದರಿಂದ ನಮ್ಮ 'ಚಕ್ಕೆ' ಅಂಗಡಿಯವರ ಕಿವಿಯಲ್ಲಿ 'ಸಕ್ಕೈ' ಆಗಿ ಕೂರುತ್ತದೆ. ಸಕ್ಕೈ ಅಂದರೆ ರಸ ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಕಬ್ಬಿನ ಹಿಪ್ಪೆಯಂಥದ್ದು. ಅದನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ, ಹಾಗಾಗಿ ಅವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಕೊನೆಗೆ ಅವರೇ "ಪಟ್ಟೈಯಾ?" ಅಂತ ಕೇಳಿದರೆ ನಮಗೆ ಪಟ್ಟೆ ಸೀರೆ ನೆನಪಾಗುತ್ತದೆ. ಪಟ್ಟೈ ಅಂದರೆ ಮರದ ತೊಗಟೆ. ಮಸಾಲೆ ಸಾಮಾನಿನ ನಡುವೆ ಅದು ಚಕ್ಕೆ. ರೇಷ್ಮೆಗೆ ಅವರ ಪದ 'ಪಟ್ಟು'. ಕಾಂಚೀಪುರದ ಬಟ್ಟೆ ಅಂಗಡಿಯಲ್ಲಿ "ಪಟ್ಟು ವೇಣುಮಾ?" ಅಂದರೆ ರೇಷ್ಮೆ ಬೇಕಾ ಅಂತಷ್ಟೇ.

ಈ ಹೆಂಗಸು ಆಮೇಲೆ ಕೇಳಿದ್ದು ಹಾಲು. "ಪಾಲ್ ಇರುಕ್ಕು," ಹಾಲು ಇದೆ ಅಂದರು ಅಂಗಡಿಯವರು. ಪಾಲ್ ಅಂದರೆ ಹಾಲು ಅಂತ ಬಹಳಷ್ಟು ಕನ್ನಡಿಗರಿಗೆ ಗೊತ್ತು. ಆದರೂ ಇಲ್ಲಿ ಸ್ವಲ್ಪ ನಿಲ್ಲಬೇಕು. ಗೊಂದಲದ ದೊಡ್ಡ ಕಾರಖಾನೆ ಇರುವುದೇ ಈ ಒಂದು ಅಕ್ಷರದಲ್ಲಿ.

ಹಳಗನ್ನಡದಲ್ಲಿಯೂ ಹಾಲು 'ಪಾಲ್' ಆಗಿತ್ತು. ಹೂವು 'ಪೂ', ಹುಲಿ 'ಪುಲಿ'. 10ನೇ ಶತಮಾನದ ಪಂಪನ ಕನ್ನಡದಲ್ಲಿ ಈ ಪಕಾರವೇ ಇದೆ. ಆಮೇಲಿನ ಶತಮಾನಗಳಲ್ಲಿ ಕನ್ನಡದ ಪದಗಳ ಮೊದಲ 'ಪ' ಮೆಲ್ಲಗೆ 'ಹ' ಆಯಿತು. ತಮಿಳಿನಲ್ಲಿ ಆಗಲಿಲ್ಲ. ಹಾಗಾಗಿ ಪಾಲ್, ಪೂ, ಪುಲಿ, ಪತ್ತು, ಪಣಂ ಕೇಳಿದಾಗ 'ಪ' ತೆಗೆದು 'ಹ' ಹಾಕಿದರೆ ಹಾಲು, ಹೂ, ಹುಲಿ, ಹತ್ತು, ಹಣ ಸಿಗುತ್ತವೆ.

ತೊಂದರೆ ಏನೆಂದರೆ ಕನ್ನಡದ ಎಲ್ಲ ಪಕಾರಗಳೂ ಹೋಗಲಿಲ್ಲ. ಭಾಗ ಎಂಬ ಅರ್ಥದ 'ಪಾಲು' ಹಾಗೇ ಉಳಿಯಿತು. ಈಗ ಕನ್ನಡಿಗರ ತಲೆಯಲ್ಲಿ ಹಾಲು ಒಂದು ಜಾಗದಲ್ಲಿದೆ, ಪಾಲು ಇನ್ನೊಂದು ಜಾಗದಲ್ಲಿದೆ. ತಮಿಳಿನ ಪಾಲ್ ಬಂದಾಗ ಕಿವಿ ಮೊದಲು ತಟ್ಟುವುದು ಎರಡನೆಯ ಬಾಗಿಲನ್ನು. ತಮಿಳಿಗೆ ಈ ಅರ್ಥ ಗೊತ್ತಿಲ್ಲ ಅಂತಲ್ಲ. ತಿರುಕ್ಕುರಳಿನ ಮೂರು ಭಾಗಗಳ ಹೆಸರು ಅರತ್ತುಪ್ಪಾಲ್, ಪೊರುಟ್ಪಾಲ್, ಕಾಮತ್ತುಪ್ಪಾಲ್. ಅಲ್ಲಿರುವುದು ನಮ್ಮ ಪಾಲೇ. ಆದರೆ ಬೆಳಿಗ್ಗೆ ಆರು ಗಂಟೆಗೆ ಅಂಗಡಿ ಮುಂದೆ ಕೇಳಿಸುವ ಪಾಲ್ ಯಾವತ್ತೂ ಹಾಲೇ.

ಇನ್ನೊಂದು ಅಕ್ಷರ 'ವ'. ಅವರ ಪದದ ಮೊದಲ 'ವ' ನಮ್ಮಲ್ಲಿ ಎಷ್ಟೋ ಕಡೆ 'ಬ' ಆಗಿದೆ. ವಿಲೈ ಅಂದರೆ ಬೆಲೆ, ವೆಲ್ಲಂ ಅಂದರೆ ಬೆಲ್ಲ, ವೆಣ್ಣೈ ಅಂದರೆ ಬೆಣ್ಣೆ, ವೇಂಡಾಂ ಅಂದರೆ ಬೇಡ. ಅಂಗಡಿಯಲ್ಲಿ ಈ ಎರಡು ಅದಲುಬದಲು ಗೊತ್ತಿದ್ದರೆ ತುಂಬ ಉಪಯೋಗ.

ಆದರೆ ಇದನ್ನು ಲೆಕ್ಕದ ಸೂತ್ರದ ಹಾಗೆ ನಂಬಬಾರದು. 'ಪುಳಿ'ಗೆ ಹ ಹಾಕಿದರೆ ಹುಳಿ ಬರುತ್ತದೆ, ಬೇರು ಸರಿಯಾಗಿಯೇ ಇದೆ. ಆದರೆ ಅಂಗಡಿಯಲ್ಲಿ ಪುಳಿ ಅಂದರೆ ಹುಣಸೆಹಣ್ಣು. ನಾವು ಅನ್ನಕ್ಕೆ ಕಲಸುವ ಹುಳಿ ಅಲ್ಲ. 'ಪರುಪ್ಪು'ವಿಗೆ ಹ ಹಾಕಿದರೆ ಏನೂ ಬರುವುದಿಲ್ಲ, ಅದು ಬೇಳೆ. ಇನ್ನು ವೀಳ್ಯದೆಲೆಗೆ ಮಾತಿನ ತಮಿಳಿನಲ್ಲಿ 'ವೆತ್ತಲೈ' ಅನ್ನುತ್ತಾರೆ. ಅಲ್ಲಿ 'ವ' ತೆಗೆದು 'ಬ' ಹಾಕಿದರೆ ಬೆತ್ತಲೆ ಆಗಿಬಿಡುತ್ತದೆ. ಹಾಗಾಗಿ ನಾನು ಹೇಳುವುದು ಇಷ್ಟೇ: ಅಕ್ಷರ ಬದಲಿಸಿದಾಗ ಆ ಅಂಗಡಿಯಲ್ಲಿ ಮಾರುವ ವಸ್ತುವಿನ ಹೆಸರು ಬಂದರೆ ಅದು ಒಳ್ಳೆಯ ಊಹೆ. ಬಾರದಿದ್ದರೆ ಕೇಳಿ ತಿಳಿದುಕೊಳ್ಳಿ, ಒತ್ತಾಯ ಮಾಡಿ ಅರ್ಥ ಹಚ್ಚಬೇಡಿ.

ಇಲ್ಲಿಯವರೆಗೆ ನಮ್ಮ ಕಿವಿಯ ಕಥೆ. ಅವರ ಕಿವಿಯದ್ದೂ ಒಂದಿದೆ. ಸಕ್ಕರೆ ತೂಕಕ್ಕೆ ಹಾಕುತ್ತಿದ್ದಾಗ ಈ ಹೆಂಗಸು "ಸಾಕು, ಸಾಕು" ಅಂದರು. ಅಂಗಡಿಯವರು ಕೈ ನಿಲ್ಲಿಸಿ, ಒಳಗಿದ್ದ ಹುಡುಗನ ಕಡೆ ತಿರುಗಿ ಗೋಣಿಚೀಲ ತರಲು ಹೇಳಿದರು. ತಮಿಳಿನಲ್ಲಿ 'ಸಾಕ್ಕು' ಅಂದರೆ ಗೋಣಿಚೀಲ.

ನಮಗೆ ಸಾಕು ಮತ್ತು ಸಾಕ್ಕು ಬೇರೆ ಬೇರೆ ಅನ್ನಿಸುತ್ತದೆ. ಅವರಿಗೆ ಅನ್ನಿಸುವುದಿಲ್ಲ, ಇದಕ್ಕೆ ಕಾರಣವಿದೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಯಾವಾಗ ಹೇಗೆ ಉಚ್ಚರಿಸಬೇಕು ಅಂತ ತಿಳಿಯುವುದು ಅದು ಕೂತ ಜಾಗದಿಂದ. ಎರಡು ಸ್ವರಗಳ ನಡುವೆ ಒಂಟಿಯಾಗಿ ಬಂದರೆ 'ಗ' ಅಥವಾ 'ಹ'ದ ಹಾಗೆ ಮೆತ್ತಗಾಗುತ್ತದೆ. ಗಟ್ಟಿಯಾದ 'ಕ' ಬೇಕಾದರೆ ಅದು ಒತ್ತಕ್ಷರವಾಗಿಯೇ ಇರಬೇಕು. ಅಂದರೆ ಅಚ್ಚ ತಮಿಳು ಪದದ ನಡುವೆ ಒಂಟಿ ಗಟ್ಟಿ 'ಕ'ಕ್ಕೆ ಜಾಗವೇ ಇಲ್ಲ. ನಮ್ಮ 'ಸಾಕು'ವಿನಲ್ಲಿ ಇರುವುದು ಅದೇ. ಅವರ ಕಿವಿ ಅದನ್ನು ತನಗೆ ಗೊತ್ತಿರುವ ಅಚ್ಚಿಗೆ ಹಾಕಿ 'ಸಾಕ್ಕು' ಮಾಡಿಕೊಳ್ಳುತ್ತದೆ. ಸಾಕು ಅನ್ನಲು ಅವರ ಪದ 'ಪೋದುಂ'.

ಬೆಂಗಳೂರಿನ ಅಂಗಡಿಗೆ ಹೊಸದಾಗಿ ಬಂದ ತಮಿಳರ ಪಾಡೂ ಇಂಥದ್ದೇ. "ಸ್ವಲ್ಪ ಕಡಿಮೆ ಮಾಡಿ" ಎಂಬ ಮಾತು ಅವರ ಪಕ್ಕದಲ್ಲಿ ದಿನಕ್ಕೆ ಹತ್ತು ಸಲ ಕೇಳಿಸುತ್ತದೆ. ತಮಿಳಿನಲ್ಲಿ 'ಮಾಡಿ' ಅಂದರೆ ಮಹಡಿ, 'ಮಾಡು' ಅಂದರೆ ದನ. ಕನ್ನಡದಲ್ಲಿ ಎಲ್ಲ ಕೆಲಸಕ್ಕೂ ಮಾಡು ಸೇರಿಸುತ್ತೇವಲ್ಲ, ಕಲಿಯುವ ತಮಿಳರಿಗೆ ಪ್ರತಿ ವಾಕ್ಯದ ಕೊನೆಗೂ ಇದನ್ನು ದಾಟಬೇಕು.

ಕೊನೆಗೆ ದುಡ್ಡು ಕೊಡುವ ಹೊತ್ತು. ಇಲ್ಲಿ ತಪ್ಪಿದರೆ ಸಾಮಾನು ಬದಲಾಗುವುದಿಲ್ಲ, ಜೇಬಿಗೆ ತಗಲುತ್ತದೆ. ಅದಕ್ಕೇ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮಾತಿನ ತಮಿಳಿನಲ್ಲಿ 9 'ಒಂಬದು', 50 'ಅಂಬದು', 80 'ಎಂಬದು'. ಮೂರಕ್ಕೂ ಇರುವ ವ್ಯತ್ಯಾಸ ಮೊದಲ ಸ್ವರ ಒಂದೇ. ನಮ್ಮಲ್ಲಿ 9 ಒಂಬತ್ತು, 80 ಎಂಬತ್ತು, ಆದ್ದರಿಂದ ಅವೆರಡೂ ಹೊಂದುತ್ತವೆ. ಆದರೆ ನಮ್ಮ 50 'ಐವತ್ತು'. ಅದರಲ್ಲಿ 'ಂಬ' ಇಲ್ಲವೇ ಇಲ್ಲ. ಹಾಗಾಗಿ 'ಅಂಬದು' ಕೇಳಿದಾಗ ಕನ್ನಡದ ಕಿವಿ ಐವತ್ತರ ಹತ್ತಿರ ಹೋಗುವುದೇ ಇಲ್ಲ. ಒಂಬತ್ತಕ್ಕೋ ಎಂಬತ್ತಕ್ಕೋ ಹೋಗಿ ನಿಲ್ಲುತ್ತದೆ. ಹೂವಿನ ಅಂಗಡಿಯಲ್ಲಿ ಮೊಳ 'ಅಂಬದು' ಅಂದಾಗ ಎಂಬತ್ತು ಕೊಟ್ಟರೆ ಚಿಲ್ಲರೆ ವಾಪಸು ಬರುತ್ತದೆ, ಆಗ ಗೊತ್ತಾಗುತ್ತದೆ. ಫೋನಿನಲ್ಲಿ ಹಣ ಕಳಿಸಿದರೆ ತಕ್ಷಣ ಗೊತ್ತಾಗುವುದಿಲ್ಲ. ಮೊತ್ತ ಒತ್ತಿದ ಮೇಲೆ, ಕಳಿಸುವ ಮೊದಲು ಪರದೆಯನ್ನು ಅಂಗಡಿಯವರಿಗೆ ತೋರಿಸುವುದು ಒಳ್ಳೆಯದು.

ಇದಕ್ಕಿಂತ ಕಷ್ಟದ್ದು 90. ತಮಿಳಿನಲ್ಲಿ ಅದು 'ತೊಣ್ಣೂರು'. ನಮ್ಮ ತೊಂಬತ್ತಿನಲ್ಲಿ ಹತ್ತು ಇದೆ, ಅವರದರಲ್ಲಿ ನೂರು ಕೂತಿದೆ. ಈ ಹೆಂಗಸಿನ ಲೆಕ್ಕ 98 ರೂಪಾಯಿ ಆಯಿತು ಅಂದುಕೊಳ್ಳಿ. ಅಂಗಡಿಯವರು "ತೊಣ್ಣೂತ್ತಿ ಎಟ್ಟು" ಅಂದರು. 108 ಆಗಿದ್ದರೆ "ನೂತ್ತಿ ಎಟ್ಟು" ಅನ್ನುತ್ತಿದ್ದರು. ಎರಡಕ್ಕೂ ಇರುವ ವ್ಯತ್ಯಾಸ ಮುಂದಿರುವ 'ತೊಣ್' ಎಂಬ ತುಣುಕು. ಅಂಗಡಿಯ ಗದ್ದಲದಲ್ಲಿ ಕಳೆದುಹೋಗುವುದೂ ಅದೇ ತುಣುಕು. ಅವರು ನೂರೆಂಟು ಅಂದುಕೊಂಡು ನೂರರ ನೋಟಿನ ಜೊತೆ ಹತ್ತರದ್ದು ಸೇರಿಸಿ ಕೊಟ್ಟರು. ಹತ್ತರ ನೋಟನ್ನು ಅಂಗಡಿಯವರು ಹಾಗೇ ಹಿಂದಕ್ಕೆ ತಳ್ಳಿದರೆ, ಕೇಳಿಸಿಕೊಂಡದ್ದು ತಪ್ಪು ಅಂತ ಅರ್ಥ.

ಬಟ್ಟೆ ಅಂಗಡಿಗೆ ಹೋದರೆ ಇದೇ ಮತ್ತೊಂದು ಮೆಟ್ಟಿಲು ಮೇಲೇರುತ್ತದೆ. ಸಾವಿರಕ್ಕೆ ತಮಿಳಿನಲ್ಲಿ 'ಆಯಿರಂ'. ಒಂಬೈನೂರಕ್ಕೆ 'ತೊಳ್ಳಾಯಿರಂ'. 900 ರೂಪಾಯಿಯ ಸೀರೆಗೆ "ತೊಳ್ಳಾಯಿರಂ" ಅಂದಾಗ ಕೊನೆಯ ಆಯಿರಂ ಮಾತ್ರ ಕಿವಿಗೆ ಬಿದ್ದರೆ, ನೀವು ಕಷ್ಟಪಟ್ಟು ಚೌಕಾಸಿ ಮಾಡಿ ಇಳಿಸಿದ ನೂರು ರೂಪಾಯಿ ಅವರು ಮೊದಲೇ ಬಿಟ್ಟಿದ್ದ ನೂರೇ ಆಗಿರುತ್ತದೆ. ಆಯಿರಂ ಕೇಳಿಸಿದಾಗಲೆಲ್ಲ ಅದರ ಮುಂದೆ 'ತೊಳ್' ಇತ್ತಾ ಅಂತ ಇನ್ನೊಂದು ಸಲ ಹೇಳಿಸಿಕೊಂಡು, ಆಮೇಲೆ ಬೆಲೆ ಮಾತಾಡಿ.